ಅಮೆರಿಕಕ್ಕೆ ಹೊಸದಾಗಿ ಬಂದವರ ಮೊದಲ ಕ್ರೆಡಿಟ್ ಖಾತೆ: ಯಾವ ದಾರಿ ಯಾರಿಗೆ ಸರಿ

ಬೆಂಗಳೂರಿನಲ್ಲಿ ಹತ್ತು ವರ್ಷ ಒಂದು ಕಂತೂ ತಪ್ಪದಂತೆ ಗೃಹಸಾಲ ಕಟ್ಟಿ, ಸಿಬಿಲ್ ಸ್ಕೋರ್ ಎಂಟುನೂರರ ಹತ್ತಿರ ಇಟ್ಟುಕೊಂಡವರು ಕೂಡ ಅಮೆರಿಕದಲ್ಲಿ ವಿಮಾನದಿಂದ ಇಳಿದ ದಿನ ಅಲ್ಲಿನ ಸಾಲ ವ್ಯವಸ್ಥೆಯ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ಬ್ಯೂರೋಗಳಿವೆ. ಬ್ಯಾಂಕುಗಳೂ ಕಾರ್ಡ್ ಕಂಪನಿಗಳೂ ತಮ್ಮ ಗ್ರಾಹಕರು ಹಣ ಕಟ್ಟಿದ ವಿವರವನ್ನು ಪ್ರತಿ ತಿಂಗಳು ಇವುಗಳಿಗೆ ಕಳಿಸುತ್ತವೆ. ಟ್ರಾನ್ಸ್‌ಯೂನಿಯನ್ ಎಂಬ ಹೆಸರು ನಮ್ಮ ಸಿಬಿಲ್‌ನ ಹೆಸರಿನಲ್ಲೂ ಇದೆ ಎಂಬ ಕಾರಣಕ್ಕೆ ಭಾರತದ ದಾಖಲೆ ತಾನಾಗಿ ಅಮೆರಿಕದ ಕಡತಕ್ಕೆ ಬಂದು ಸೇರುತ್ತದೆಂದು ಅನೇಕರು ನಂಬಿರುತ್ತಾರೆ, ಅದು ಸೇರುವುದಿಲ್ಲ. ಹೊಸಬರ ಸ್ಕೋರ್ ಸೊನ್ನೆಯಲ್ಲ, ಕಡಿಮೆಯೂ ಅಲ್ಲ, ಸ್ಕೋರೇ ಇರುವುದಿಲ್ಲ. ಈ ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಕೆಟ್ಟ ಸ್ಕೋರನ್ನು ಸರಿಪಡಿಸಲು ವರ್ಷಗಳು ಹಿಡಿಯುತ್ತವೆ, ಇಲ್ಲದ ಸ್ಕೋರನ್ನು ಹುಟ್ಟಿಸಲು ಆರು ತಿಂಗಳು ಸಾಕು.

ಆರು ತಿಂಗಳು ಎಂಬುದು ಅಂದಾಜಿನ ಮಾತಲ್ಲ. ಸಾಲ ಕೊಡುವವರಲ್ಲಿ ಹೆಚ್ಚಿನವರು ನೋಡುವುದು ಫೈಕೊ ಸ್ಕೋರನ್ನು. ಅದು 300ರಿಂದ 850ರವರೆಗೆ ಇರುತ್ತದೆ. ಆ ಸ್ಕೋರ್ ಹುಟ್ಟಬೇಕಾದರೆ ಕಡತದಲ್ಲಿ ಕನಿಷ್ಠ ಆರು ತಿಂಗಳು ಹಳೆಯದಾದ ಒಂದು ಖಾತೆ ಇರಬೇಕು ಮತ್ತು ಕಳೆದ ಆರು ತಿಂಗಳೊಳಗೆ ಬ್ಯೂರೋಗೆ ವರದಿಯಾದ ಖಾತೆಯೊಂದು ಇರಬೇಕು. ಒಂದೇ ಖಾತೆ ಈ ಎರಡೂ ಷರತ್ತುಗಳನ್ನು ಪೂರೈಸಬಹುದು. ವಾಂಟೇಜ್‌ಸ್ಕೋರ್ ಎಂಬ ಇನ್ನೊಂದು ಲೆಕ್ಕ ಇದಕ್ಕಿಂತ ಬೇಗ, ಕೆಲವೊಮ್ಮೆ ಒಂದೆರಡು ತಿಂಗಳಲ್ಲೇ, ಅಂಕಿಯೊಂದನ್ನು ತೋರಿಸುತ್ತದೆ. ಮೊಬೈಲಿನ ಉಚಿತ ಆ್ಯಪ್‌ಗಳಲ್ಲಿ ಕಾಣುವುದು ಹೆಚ್ಚಾಗಿ ಈ ಎರಡನೆಯದು. ಆ್ಯಪ್‌ನಲ್ಲಿ 690 ಎಂದು ಕಂಡಿತೆಂದು ಕಾರಿನ ಸಾಲಕ್ಕೆ ಹೋದವರಿಗೆ ‘ನಿಮ್ಮ ಹೆಸರಿನಲ್ಲಿ ಸ್ಕೋರ್ ಇಲ್ಲ’ ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲ ಖಾತೆ ಯಾವುದಿರಬೇಕು ಎಂಬುದಕ್ಕಿಂತ ಅದು ಯಾವ ತಿಂಗಳು ತೆರೆಯಿತು ಎಂಬುದಕ್ಕೇ ಹೆಚ್ಚು ತೂಕವಿದೆ ಎಂದು ನಾನು ಹೇಳುತ್ತೇನೆ. ಅತ್ಯುತ್ತಮ ಕಾರ್ಡನ್ನು ಹುಡುಕುತ್ತ ನಾಲ್ಕು ತಿಂಗಳು ಕಳೆಯುವುದಕ್ಕಿಂತ, ಸಾಧಾರಣವಾದ ಆದರೆ ಮೂರೂ ಬ್ಯೂರೋಗಳಿಗೆ ವರದಿ ಮಾಡುವ ಕಾರ್ಡೊಂದನ್ನು ಮೊದಲ ತಿಂಗಳೇ ತೆಗೆದುಕೊಳ್ಳುವುದು ಲಾಭ.

ಮನೆ ಬಾಡಿಗೆ: ಸ್ಕೋರ್ ಬರುವ ಮೊದಲೇ ಎದುರಾಗುವ ಪ್ರಶ್ನೆ

ಬಂದ ಎರಡು ವಾರದಲ್ಲಿ ಮನೆ ಬೇಕು, ಸ್ಕೋರ್ ಬರುವುದು ಆರು ತಿಂಗಳಿಗೆ. ಹೀಗಾಗಿ ಮೊದಲ ಮನೆಯ ಮಟ್ಟಿಗೆ ಕ್ರೆಡಿಟ್ ಕಾರ್ಡ್ ಯಾವ ಸಹಾಯವನ್ನೂ ಮಾಡದು. ಸ್ಕೋರ್ ಇಲ್ಲದೆಯೇ ಮನೆ ಹಿಡಿಯುವ ದಾರಿಗಳನ್ನು ಬೇರೆಯಾಗಿ ತೂಗಿ ನೋಡಬೇಕು. ಬೆಂಗಳೂರಿನ ಮಾಲೀಕರು ತಿಂಗಳುಗಟ್ಟಲೆ ಬಾಡಿಗೆಯ ಮೊತ್ತವನ್ನು ಅಡ್ವಾನ್ಸ್ ಆಗಿ ಪಡೆದು ತಮ್ಮ ಭಯವನ್ನು ಕಳೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಆ ಜಾಗದಲ್ಲಿ ಕ್ರೆಡಿಟ್ ವರದಿ ನಿಂತಿದೆ. ನಮ್ಮವರಿಗೆ ಸಹಜವಾಗಿ ಹೊಳೆಯುವುದು ‘ಸ್ಕೋರ್ ಇಲ್ಲದಿದ್ದರೇನು, ಅಡ್ವಾನ್ಸ್ ಜಾಸ್ತಿ ಕೊಡುತ್ತೇನೆ’ ಎಂಬ ಉಪಾಯ. ಆದರೆ ಇದು ಎಲ್ಲ ರಾಜ್ಯಗಳಲ್ಲೂ ನಡೆಯುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 2019ರ ಕಾನೂನಿನ ಪ್ರಕಾರ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿಯೂ 2024ರ ಜುಲೈ 1ರಿಂದ ಇದೇ ಮಿತಿ ಬಂದಿದೆ, ಬೆರಳೆಣಿಕೆಯ ಮನೆಗಳಿರುವ ಸಣ್ಣ ಮಾಲೀಕರಿಗೆ ಮಾತ್ರ ಎರಡು ತಿಂಗಳವರೆಗೆ ಅವಕಾಶವಿದೆ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ಇಂಥ ಮೇಲ್ಮಿತಿ ಇಲ್ಲದ್ದರಿಂದ ಅಲ್ಲಿ ಹೆಚ್ಚಿನ ಠೇವಣಿಯ ಮಾತುಕತೆ ನಡೆಯುತ್ತದೆ, ದೊಡ್ಡ ಸಮುಚ್ಚಯಗಳೇ ಆ ಆಯ್ಕೆಯನ್ನು ಮುಂದಿಡುವುದೂ ಉಂಟು.

ಎರಡನೆಯ ದಾರಿ ಜಾಮೀನುದಾರರದ್ದು. ನ್ಯೂಯಾರ್ಕ್ ನಗರದಲ್ಲಿ ಬಾಡಿಗೆದಾರನ ವರ್ಷದ ಆದಾಯ ತಿಂಗಳ ಬಾಡಿಗೆಯ ನಲವತ್ತು ಪಟ್ಟು ಇರಬೇಕು, ಜಾಮೀನು ಹಾಕುವವರದ್ದು ಎಂಬತ್ತು ಪಟ್ಟು ಇರಬೇಕು ಎಂಬ ರೂಢಿ ವ್ಯಾಪಕವಾಗಿದೆ. 2,400 ಡಾಲರಿನ ಮನೆಗೆ ಬಾಡಿಗೆದಾರನಿಗೆ 96,000 ಡಾಲರ್, ಜಾಮೀನುದಾರರಿಗೆ 1,92,000 ಡಾಲರ್ ವರಮಾನ ಬೇಕೆಂದಾಯಿತು. ಅಷ್ಟು ಆದಾಯವಿರುವ ಬಂಧುಗಳು ಅಮೆರಿಕದಲ್ಲೇ ಇದ್ದರೂ, ಅವರ ಸಹಿಯ ಅರ್ಥವನ್ನು ಇಬ್ಬರೂ ಮೊದಲೇ ತಿಳಿದಿರಬೇಕು: ನೀವು ಬಾಡಿಗೆ ಕಟ್ಟದಿದ್ದರೆ ಅದನ್ನು ಅವರಿಂದ ವಸೂಲಿ ಮಾಡುತ್ತಾರೆ, ಬಾಕಿ ಬೆಳೆದರೆ ಅವರ ಕ್ರೆಡಿಟ್ಟಿಗೂ ಪೆಟ್ಟು ಬೀಳುತ್ತದೆ. ಬಂಧುಗಳಿಲ್ಲದವರಿಗೆ ಶುಲ್ಕ ಪಡೆದು ಜಾಮೀನು ನಿಲ್ಲುವ ಕಂಪನಿಗಳಿವೆ. ಆ ಶುಲ್ಕ ಠೇವಣಿಯಂತೆ ಹಿಂದಿರುಗುವುದಿಲ್ಲ, ಮತ್ತು ನೀವು ನೋಡಿದ ಕಟ್ಟಡದವರು ಆ ಕಂಪನಿಯನ್ನು ಒಪ್ಪುತ್ತಾರೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಬೇಕು.

ಮೂರನೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರು ಮೊದಲು ಪ್ರಯತ್ನಿಸಬೇಕಾದದ್ದು, ಕಾಗದಪತ್ರಗಳ ಬಲದ ಮೇಲೆ ನೇರವಾಗಿ ವ್ಯವಸ್ಥಾಪಕರೊಂದಿಗೆ ಮಾತನಾಡುವುದು. ಸಂಬಳ ನಮೂದಿಸಿದ ಉದ್ಯೋಗಪತ್ರ, ಬ್ಯಾಂಕಿನ ಸ್ಟೇಟ್‌ಮೆಂಟ್, ಬಂದ ತಕ್ಷಣ ಕೈಗೆ ಸಿಗುವ ಮೊದಲ ಪೇ ಸ್ಲಿಪ್, ಭಾರತದ ಹಿಂದಿನ ಮನೆ ಮಾಲೀಕರ ಪತ್ರ ಇವಿಷ್ಟನ್ನು ಒಟ್ಟಿಗೆ ಇಟ್ಟು, ಅರ್ಜಿ ಶುಲ್ಕ ಕಟ್ಟುವ ಮೊದಲು, ‘ಕ್ರೆಡಿಟ್ ಹಿಸ್ಟರಿ ಇಲ್ಲದವರ ಅರ್ಜಿಯನ್ನು ನಿಮ್ಮಲ್ಲಿ ಹೇಗೆ ಪರಿಗಣಿಸುತ್ತೀರಿ’ ಎಂದು ಕೇಳಬೇಕು. ದೊಡ್ಡ ಸಮುಚ್ಚಯಗಳಲ್ಲಿ ಅರ್ಜಿಯನ್ನು ತಪಾಸಣೆ ಕಂಪನಿಯ ಸಾಫ್ಟ್‌ವೇರ್ ನೋಡುತ್ತದೆ. ಕಚೇರಿಯಲ್ಲಿ ಕುಳಿತವರಿಗೆ ಅದನ್ನು ಮೀರುವ ಅಧಿಕಾರ ಇರದೆ ಹೋಗಬಹುದು. ಒಂದೆರಡು ಮನೆ ಮಾತ್ರ ಇಟ್ಟುಕೊಂಡಿರುವ ಮಾಲೀಕರು ಪತ್ರಗಳನ್ನು ತಾವೇ ಓದಿ ನಿರ್ಧರಿಸುತ್ತಾರೆ. ಮೊದಲ ಮನೆಯನ್ನು ಅಂಥವರಲ್ಲಿ ಹುಡುಕುವುದು ಹೆಚ್ಚು ಫಲಕಾರಿ.

ಅರ್ಜಿ ತಿರಸ್ಕೃತವಾದರೆ ಒಂದು ಹಕ್ಕನ್ನು ಮರೆಯಬಾರದು. ಕ್ರೆಡಿಟ್ ವರದಿಯನ್ನು ನೋಡಿ ಮನೆ ನಿರಾಕರಿಸಿದ್ದರೆ ಅಥವಾ ಹೆಚ್ಚಿನ ಠೇವಣಿ ಕೇಳಿದ್ದರೆ, ಆ ವರದಿ ಯಾವ ಸಂಸ್ಥೆಯಿಂದ ಬಂತೆಂದು ತಿಳಿಸುವ ನೋಟಿಸನ್ನು ಮಾಲೀಕರು ಕೊಡಲೇಬೇಕು. ಅದು ಕೈಸೇರಿದ 60 ದಿನಗಳೊಳಗೆ ಆ ಸಂಸ್ಥೆಯಿಂದ ನಿಮ್ಮ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ಕಡತ ಖಾಲಿಯಿದೆಯೆಂದು ನಿರಾಕರಿಸಿದರೋ, ಇನ್ನಾರದೋ ಬಾಕಿ ನಿಮ್ಮ ಹೆಸರಿಗೆ ಅಂಟಿಕೊಂಡಿದೆಯೋ ಎಂಬುದು ಆಗ ಗೊತ್ತಾಗುತ್ತದೆ.

ಮೊದಲ ಖಾತೆಯ ದಾರಿಗಳು

ಮನೆ ಹಿಡಿದ ಮೇಲೆ ಮೊದಲ ಖಾತೆಯ ವಿಚಾರ. ಇಲ್ಲಿ ಆಯ್ಕೆ ನಿಮ್ಮ ಕೈಯಲ್ಲಿ ಯಾವ ಪತ್ರವಿದೆ ಎಂಬುದರ ಮೇಲೆ ನಿಂತಿದೆ. ಉದ್ಯೋಗದ ವೀಸಾದಲ್ಲಿ ಬಂದವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಎಲ್ಲರೂ ಹೇಳುವ ಎಸ್‌ಎಸ್‌ಎನ್, ಕೆಲವು ವಾರಗಳಲ್ಲಿ ಸಿಗುತ್ತದೆ. ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸಿನಲ್ಲಿ ಕೆಲಸವೋ ಹೊರಗೆ ದುಡಿಯುವ ಅನುಮತಿಯೋ ಸಿಕ್ಕಿದ ಮೇಲೆಯೇ ಅದು ಬರುತ್ತದೆ. ಉದ್ಯೋಗಿಯ ಜೊತೆ ಎಚ್-4 ವೀಸಾದಲ್ಲಿ ಬಂದಿರುವ ಸಂಗಾತಿಗೆ ಕೆಲಸದ ಪರವಾನಗಿ ಇಲ್ಲದಿದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಎಸ್‌ಎಸ್‌ಎನ್ ಇರುವವರಿಗೆ ಎಲ್ಲಕ್ಕಿಂತ ಖಚಿತವಾದ ದಾರಿ ಸೆಕ್ಯೂರ್ಡ್ ಕಾರ್ಡ್. ಬ್ಯಾಂಕಿನಲ್ಲಿ 200, 300 ಅಥವಾ 500 ಡಾಲರ್ ಠೇವಣಿ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಮಿತಿಯ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ. ನಮ್ಮಲ್ಲಿ ಎಫ್‌ಡಿ ಅಡವಿಟ್ಟು ಕಾರ್ಡ್ ಪಡೆಯುವ ಪದ್ಧತಿಯಂತೆಯೇ ಇದು. ಬ್ಯಾಂಕಿಗೆ ಅಪಾಯವಿಲ್ಲದ್ದರಿಂದ ಖಾಲಿ ಕಡತದವರಿಗೂ ಕಾರ್ಡ್ ಸಿಗುವ ಸಾಧ್ಯತೆ ಹೆಚ್ಚು; ಕೆಲವು ತಿಂಗಳು ಸರಿಯಾಗಿ ಕಟ್ಟಿದ ಮೇಲೆ ಅನೇಕ ಬ್ಯಾಂಕುಗಳು ಠೇವಣಿ ಹಿಂದಿರುಗಿಸಿ ಅದೇ ಖಾತೆಯನ್ನು ಸಾಮಾನ್ಯ ಕಾರ್ಡ್ ಆಗಿ ಬದಲಿಸುತ್ತವೆ. ಆಯ್ದುಕೊಳ್ಳುವಾಗ ನೋಡಬೇಕಾದದ್ದು ಮೂರೇ ಸಂಗತಿ: ವಾರ್ಷಿಕ ಶುಲ್ಕ ಇರಬಾರದು, ಮೂರೂ ಬ್ಯೂರೋಗಳಿಗೆ ವರದಿಯಾಗಬೇಕು, ಮತ್ತು ಮುಂದೆ ಸಾಮಾನ್ಯ ಕಾರ್ಡ್ ಆದಾಗ ಹಳೆಯ ಖಾತೆಯೇ ಮುಂದುವರಿಯಬೇಕು. ಇದರೊಂದಿಗೆ ಹಣ ತುಂಬಿ ಖರ್ಚು ಮಾಡುವ ಪ್ರಿಪೇಯ್ಡ್ ಕಾರ್ಡನ್ನು ಬೆರೆಸಿಕೊಳ್ಳಬಾರದು. ಪ್ರಿಪೇಯ್ಡ್ ಮತ್ತು ಡೆಬಿಟ್ ಕಾರ್ಡುಗಳ ಬಳಕೆ ಕ್ರೆಡಿಟ್ ಕಡತದಲ್ಲಿ ಕಾಣಿಸುವುದೇ ಇಲ್ಲ.

ಎರಡನೆಯದು ಭಾರತದ ಇತಿಹಾಸವನ್ನೇ ತೋರಿಸಿ ಕಾರ್ಡ್ ಪಡೆಯುವುದು. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ನೋವಾ ಕ್ರೆಡಿಟ್ ಎಂಬ ಸಂಸ್ಥೆಯ ಮೂಲಕ ಭಾರತವೂ ಸೇರಿದಂತೆ ಕೆಲವು ದೇಶಗಳ ಕ್ರೆಡಿಟ್ ವರದಿಯನ್ನು ಅರ್ಜಿದಾರರ ಒಪ್ಪಿಗೆಯಿಂದ ತರಿಸಿಕೊಂಡು ನೋಡುತ್ತದೆ. ಭಾರತದಲ್ಲಿ ಈಗಾಗಲೇ ಆ ಕಂಪನಿಯ ಕಾರ್ಡ್ ಇರುವವರಿಗೆ ಗ್ರಾಹಕ ಸಂಬಂಧದ ಆಧಾರದ ಮೇಲೆ ಅಮೆರಿಕದ ಕಾರ್ಡಿಗೆ ಅರ್ಜಿ ಹಾಕುವ ವ್ಯವಸ್ಥೆಯೂ ಇದೆ. ಇದು ಸಿಕ್ಕರೆ ಠೇವಣಿ ಬೇಡ, ಮಿತಿಯೂ ದೊಡ್ಡದು. ಆದರೆ ಇಲ್ಲಿ ಭಾರತದ ದಾಖಲೆ ಆ ಒಂದು ಅರ್ಜಿಯ ತೀರ್ಮಾನಕ್ಕೆ ಮಾತ್ರ ಬಳಕೆಯಾಗುತ್ತದೆ. ಅಮೆರಿಕದ ಬ್ಯೂರೋ ಕಡತ ಆಗಲೂ ಖಾಲಿಯಿಂದಲೇ ಆರಂಭವಾಗುತ್ತದೆ, ಆರು ತಿಂಗಳ ಲೆಕ್ಕದಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಊರಿನಲ್ಲಿ ಯಾವುದೋ ಹಳೆಯ ಕಾರ್ಡಿನ ಬಾಕಿ ಉಳಿಸಿಕೊಂಡು ಬಂದವರಿಗೆ ಆ ಕಪ್ಪುಚುಕ್ಕೆ ಇಲ್ಲೂ ಎದುರಾಗುತ್ತದೆ. ಹೊರಡುವ ಮೊದಲೇ ಸಿಬಿಲ್ ವರದಿಯನ್ನು ತರಿಸಿ ನೋಡಿಕೊಂಡರೆ ಇಂಥ ಆಶ್ಚರ್ಯ ತಪ್ಪುತ್ತದೆ.

ಮೂರನೆಯದು ಬೇರೊಬ್ಬರ ಕಾರ್ಡಿಗೆ ಅಧಿಕೃತ ಬಳಕೆದಾರರಾಗಿ ಸೇರುವುದು. ಅಣ್ಣನೋ ಅಕ್ಕನೋ ಹಲವು ವರ್ಷಗಳಿಂದ ಅಲ್ಲಿದ್ದು, ಅವರ ಹಳೆಯ ಕಾರ್ಡಿಗೆ ನಿಮ್ಮ ಹೆಸರು ಸೇರಿಸಿದರೆ, ಆ ಖಾತೆಯ ಇತಿಹಾಸ ನಿಮ್ಮ ಕಡತದಲ್ಲೂ ಕಾಣಿಸಿಕೊಳ್ಳಬಹುದು. ಈ ದಾರಿಯಲ್ಲಿ ವೇಗವಿದೆ, ಆದರೆ ಇದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಸಾಲ ಕೊಡುವವರು ಕಡತವನ್ನು ತೆರೆದು ನೋಡಿದಾಗ ಅದು ನಿಮ್ಮ ಸ್ವಂತ ಖಾತೆಯಲ್ಲ ಎಂಬುದು ಅವರಿಗೆ ಕಾಣುತ್ತದೆ. ಅಣ್ಣನ ಕಾರ್ಡ್ ಮಿತಿಯ ತುದಿ ಮುಟ್ಟಿದ ತಿಂಗಳು ಅದರ ಭಾರ ನಿಮ್ಮ ಸ್ಕೋರಿನ ಮೇಲೂ ಬೀಳುತ್ತದೆ. ನೀವು ಮಾಡಿದ ಖರ್ಚನ್ನು ತೀರಿಸುವ ಹೊಣೆ ಅವರ ಮೇಲಿರುತ್ತದೆ. ಸ್ವಂತ ಖಾತೆಯ ಜೊತೆಗೆ ಇದು ಒಳ್ಳೆಯ ಊರುಗೋಲು. ನಿಮಗೆ ಎಸ್‌ಎಸ್‌ಎನ್ ಇಲ್ಲದಿದ್ದರೆ ಕಾರ್ಡ್ ಕಂಪನಿ ಆ ವಿವರವನ್ನು ಬ್ಯೂರೋಗೆ ಹೇಗೆ ಕಳಿಸುತ್ತದೆ ಎಂದು ಮೊದಲೇ ಕೇಳಬೇಕು, ಏಕೆಂದರೆ ಗುರುತಿನ ಸಂಖ್ಯೆ ಇಲ್ಲದ ವಿವರ ಯಾವ ಕಡತಕ್ಕೂ ಸೇರದೆ ಹೋಗಬಹುದು.

ಎಚ್-4ರಲ್ಲಿರುವವರ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು, ಏಕೆಂದರೆ ಅವರಲ್ಲಿ ಅನೇಕರು ತಮಗೆ ಸ್ವಂತ ಕಾರ್ಡ್ ಸಿಗುವುದೇ ಇಲ್ಲವೆಂದು ತಿಳಿದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. 21 ವರ್ಷ ತುಂಬಿದ ಅರ್ಜಿದಾರರು ತಮಗೆ ಸಹಜವಾಗಿ ಬಳಕೆಗೆ ಸಿಗುವ ಮನೆಯ ಆದಾಯವನ್ನು, ಅಂದರೆ ಜಂಟಿ ಖಾತೆಗೆ ಬರುವ ಸಂಗಾತಿಯ ಸಂಬಳವನ್ನೂ, ಅರ್ಜಿಯಲ್ಲಿ ತೋರಿಸಲು 2013ರಿಂದ ಅಲ್ಲಿನ ನಿಯಮ ಅವಕಾಶ ಕೊಟ್ಟಿದೆ. ಎಸ್‌ಎಸ್‌ಎನ್ ಇಲ್ಲದವರು ದಂಪತಿಯ ತೆರಿಗೆ ವಿವರ ಸಲ್ಲಿಸುವಾಗ ಐಟಿನ್ ಎಂಬ ತೆರಿಗೆ ಗುರುತಿನ ಸಂಖ್ಯೆಯನ್ನು ಪಡೆಯಬಹುದು. ಅದನ್ನು ಒಪ್ಪುವ ಕಾರ್ಡ್ ಕಂಪನಿಗಳಿವೆ. ಮುಂದೊಂದು ದಿನ ಗೃಹಸಾಲಕ್ಕೆ ಇಬ್ಬರ ಹೆಸರೂ ಬೇಕಾದಾಗ, ಒಬ್ಬರ ಕಡತ ಖಾಲಿ ಇರುವುದು ಎಷ್ಟು ತೊಡಕೆಂದು ತಿಳಿದವರು ಈ ಕೆಲಸವನ್ನು ಮುಂದೂಡುವುದಿಲ್ಲ.

ಉಳಿದ ಎರಡು ದಾರಿಗಳನ್ನು ಚಿಕ್ಕದಾಗಿ ಹೇಳಿಬಿಡಬಹುದು. ಕ್ರೆಡಿಟ್ ಬಿಲ್ಡರ್ ಲೋನ್ ಎಂಬುದರಲ್ಲಿ ಬ್ಯಾಂಕು ಸಾಲದ ಹಣವನ್ನು ನಿಮ್ಮ ಕೈಗೆ ಕೊಡದೆ ತಾನೇ ಇಟ್ಟುಕೊಳ್ಳುತ್ತದೆ. ನೀವು ತಿಂಗಳ ಕಂತು ಕಟ್ಟಿ ಮುಗಿಸಿದ ಮೇಲೆ ಹಣ ಬರುತ್ತದೆ, ಬಡ್ಡಿ ಮತ್ತು ಶುಲ್ಕ ಮಾತ್ರ ಹೋಗುತ್ತದೆ. ಕಾರ್ಡ್ ಕೈಯಲ್ಲಿದ್ದರೆ ಖರ್ಚು ಹಿಡಿತಕ್ಕೆ ಬರುವುದಿಲ್ಲ ಎಂಬ ಭಯ ಇರುವವರಿಗೆ ಇದು ಸರಿ, ಉಳಿದವರಿಗೆ ಶುಲ್ಕ ದಂಡ. ಬಾಡಿಗೆಯನ್ನು ಬ್ಯೂರೋಗೆ ವರದಿ ಮಾಡಿಸುವುದು ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ 2025ರ ಏಪ್ರಿಲ್‌ನಿಂದ ದೊಡ್ಡ ಕಟ್ಟಡಗಳ ಮಾಲೀಕರು, ಸಮಯಕ್ಕೆ ಕಟ್ಟಿದ ಬಾಡಿಗೆಯನ್ನು ವರದಿ ಮಾಡುವ ಆಯ್ಕೆಯನ್ನು ಬಾಡಿಗೆದಾರರಿಗೆ ಕೊಡಬೇಕಾಗಿದೆ; ತಿಂಗಳಿಗೆ 10 ಡಾಲರ್ ಮೀರದ ಶುಲ್ಕ ಕೇಳಬಹುದು. ಆದರೆ ಇಂದಿಗೂ ಬಳಕೆಯಲ್ಲಿರುವ ಹಳೆಯ ಫೈಕೊ ಲೆಕ್ಕಗಳು ಬಾಡಿಗೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಇದನ್ನು ಕಾರ್ಡಿನ ಬದಲಿಗೆ ಅಲ್ಲ, ಕಾರ್ಡಿನ ಜೊತೆಗೆ ಇಡಬೇಕು.

ಆರು ತಿಂಗಳು ಹೇಗೆ ಸಾಗುತ್ತದೆ

ದಾವಣಗೆರೆಯಿಂದ ಡಲ್ಲಾಸ್‌ಗೆ ಆಗಸ್ಟ್ ಮೊದಲ ವಾರ ಬಂದಿಳಿದ ಒಬ್ಬ ಇಂಜಿನಿಯರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಆತ ಎಸ್‌ಎಸ್‌ಎನ್ ಕೈಗೆ ಬಂದ ಕೂಡಲೇ, ಸೆಪ್ಟೆಂಬರ್ 18ರಂದು, 500 ಡಾಲರ್ ಠೇವಣಿಯಿಟ್ಟು ಸೆಕ್ಯೂರ್ಡ್ ಕಾರ್ಡ್ ತೆಗೆಯುತ್ತಾನೆ. ಇಂಡಿಯನ್ ಅಂಗಡಿಯ ಅಕ್ಕಿ, ಬೇಳೆ, ರಾಗಿಹಿಟ್ಟು, ಮನೆಗೆ ಬೇಕಾದ ಪಾತ್ರೆ ಎಲ್ಲ ಸೇರಿ ಮೊದಲ ತಿಂಗಳು 380 ಡಾಲರ್ ಖರ್ಚಾಗುತ್ತದೆ. ಅಕ್ಟೋಬರ್ 18ಕ್ಕೆ ಸ್ಟೇಟ್‌ಮೆಂಟ್ ಸಿದ್ಧವಾಗುತ್ತದೆ, ಹಣ ಕಟ್ಟಲು ನವೆಂಬರ್ 12ರವರೆಗೆ ಸಮಯವಿದೆ. ಆತ ನವೆಂಬರ್ 10ರಂದು ಪೂರ್ತಿ ಹಣ ಕಟ್ಟುತ್ತಾನೆ. ಒಂದು ಸೆಂಟ್ ಬಡ್ಡಿಯೂ ಬೀಳುವುದಿಲ್ಲ. ಆದರೂ ಬ್ಯೂರೋಗೆ ಹೋದ ವರದಿಯಲ್ಲಿ 500ರ ಮಿತಿಯಲ್ಲಿ 380, ಅಂದರೆ ಶೇಕಡ 76 ಬಳಕೆ ಎಂದು ಇರುತ್ತದೆ, ಏಕೆಂದರೆ ಹೆಚ್ಚಿನ ಕಂಪನಿಗಳು ಬ್ಯೂರೋಗೆ ಕಳಿಸುವುದು ಸ್ಟೇಟ್‌ಮೆಂಟ್ ದಿನದ ಬಾಕಿಯನ್ನು, ಕಟ್ಟಿದ ನಂತರದ ಬಾಕಿಯನ್ನಲ್ಲ.

ಸ್ಕೋರಿನಲ್ಲಿ ಸಮಯಕ್ಕೆ ಸರಿಯಾಗಿ ಕಟ್ಟಿದ್ದಕ್ಕೆ ಸುಮಾರು ಶೇಕಡ 35, ಎಷ್ಟು ಬಾಕಿ ಇಟ್ಟುಕೊಂಡಿದ್ದೀರಿ ಎಂಬುದಕ್ಕೆ ಶೇಕಡ 30, ಇತಿಹಾಸದ ಉದ್ದಕ್ಕೆ ಶೇಕಡ 15 ತೂಕವಿದೆ. ಸಣ್ಣ ಮಿತಿಯ ಕಾರ್ಡ್ ಇರುವ ಹೊಸಬರಿಗೆ ಈ ಎರಡನೆಯ ಭಾಗವೇ ತೊಂದರೆ ಕೊಡುವುದು. ಪರಿಹಾರ ಸುಲಭ: ಅದೇ ಇಂಜಿನಿಯರ್ ಸ್ಟೇಟ್‌ಮೆಂಟಿಗೆ ಮೂರು ದಿನ ಮೊದಲು 340 ಡಾಲರ್ ಕಟ್ಟಿಬಿಟ್ಟರೆ ವರದಿಯಾಗುವುದು 40 ಡಾಲರ್, ಶೇಕಡ 8 ಮಾತ್ರ. ಇದನ್ನು ಪ್ರತಿ ತಿಂಗಳು ವ್ರತದಂತೆ ಮಾಡಬೇಕಾಗಿಲ್ಲ. ಬಹಳ ಕಡೆ ಬಳಕೆಯಲ್ಲಿರುವ ಫೈಕೊ ಲೆಕ್ಕಕ್ಕೆ ಹಿಂದಿನ ತಿಂಗಳುಗಳ ಬಳಕೆಯ ನೆನಪು ಇರುವುದಿಲ್ಲ. ಈಗಿನ ವರದಿಯನ್ನಷ್ಟೇ ನೋಡುತ್ತದೆ. ಮನೆ ಅಥವಾ ಸಾಲಕ್ಕೆ ಅರ್ಜಿ ಹಾಕುವ ಹಿಂದಿನ ತಿಂಗಳು ಹೀಗೆ ಮಾಡಿದರೆ ಸಾಕು. ಸ್ವಲ್ಪ ಬಾಕಿ ಉಳಿಸಿ ಬಡ್ಡಿ ಕಟ್ಟುತ್ತಿದ್ದರೆ ಸ್ಕೋರ್ ಏರುತ್ತದೆ ಎಂಬ ಮಾತು ನಮ್ಮವರಲ್ಲಿ ಬಾಯಿಂದ ಬಾಯಿಗೆ ಹರಡಿದೆ. ಅದು ಸುಳ್ಳು, ಅದರಿಂದ ಬಡ್ಡಿಯ ನಷ್ಟ ಬಿಟ್ಟರೆ ಬೇರೇನೂ ಆಗುವುದಿಲ್ಲ.

ಒಂದು ತಿಂಗಳ ಹೆಚ್ಚಿನ ಬಳಕೆಯನ್ನು ಸ್ಕೋರ್ ಮರೆತುಬಿಡುತ್ತದೆ, ಕಟ್ಟುವುದನ್ನು ಮರೆತದ್ದರ ಪರಿಣಾಮ ಇದಕ್ಕೆ ತದ್ವಿರುದ್ಧ. ಗಡುವು ಮೀರಿದರೆ ತಡದ ಶುಲ್ಕ ಕೂಡಲೇ ಬೀಳಬಹುದು, ಆದರೆ ಸಾಮಾನ್ಯವಾಗಿ 30 ದಿನ ಮೀರಿದ ಮೇಲೆಯೇ ಅದು ಬ್ಯೂರೋಗೆ ವರದಿಯಾಗುತ್ತದೆ. ಒಮ್ಮೆ ವರದಿಯಾದರೆ ಏಳು ವರ್ಷ ಕಡತದಲ್ಲಿರುತ್ತದೆ. ಊರಿಗೆ ರಜೆಗೆಂದು ಹೋಗಿ, ಅಮೆರಿಕದ ಸಿಮ್ ಕೆಲಸ ಮಾಡದೆ, ಒಟಿಪಿ ಬಾರದೆ ಕಟ್ಟಲಾಗದಿರುವುದು ಇದರ ಮಾಮೂಲಿ ಕಾರಣ. ಕಾರ್ಡ್ ಬಂದ ದಿನವೇ ಪೂರ್ತಿ ಬಾಕಿಗೆ ಆಟೋಪೇ ಹಾಕಿಡಬೇಕು.

ನಮ್ಮ ಇಂಜಿನಿಯರನ ಖಾತೆಗೆ ಮಾರ್ಚ್ 18ಕ್ಕೆ ಆರು ತಿಂಗಳು ತುಂಬುತ್ತದೆ. ಅದರ ಮುಂದಿನ ವರದಿಯ ಹೊತ್ತಿಗೆ ಫೈಕೊ ಸ್ಕೋರ್ ಕಾಣಿಸುತ್ತದೆ. ಈಗ ಕಾರಿನ ಸಾಲದ ಲೆಕ್ಕ ನೋಡಿ. ಡಲ್ಲಾಸ್‌ನಲ್ಲಿ ಕಾರಿಲ್ಲದೆ ಇರುವುದು ಕಷ್ಟ, ಬಂದ ತಿಂಗಳೇ ಡೀಲರ್ ಬಳಿ ಹೋದರೆ ‘ಹಿಸ್ಟರಿ ಇಲ್ಲದಿದ್ದರೂ ಸಾಲ ಕೊಡಿಸುತ್ತೇವೆ’ ಎನ್ನುವವರು ಇದ್ದೇ ಇರುತ್ತಾರೆ. 20,000 ಡಾಲರ್ ಸಾಲ, 60 ತಿಂಗಳು ಎಂದಿಟ್ಟುಕೊಳ್ಳಿ. ಬಡ್ಡಿ ಶೇಕಡ 14 ಇದ್ದರೆ ಕಂತು 465 ಡಾಲರ್, ಒಟ್ಟು ಬಡ್ಡಿ ಸುಮಾರು 7,920 ಡಾಲರ್. ಶೇಕಡ 7 ಇದ್ದರೆ ಕಂತು 396 ಡಾಲರ್, ಒಟ್ಟು ಬಡ್ಡಿ ಸುಮಾರು 3,760 ಡಾಲರ್. ಈ ದರಗಳು ಉದಾಹರಣೆಗೆ ತೆಗೆದುಕೊಂಡವು, ಸಿಗುವ ದರ ಸ್ಕೋರು, ಸಂಬಳ, ಕಾರಿನ ವಯಸ್ಸು ಮತ್ತು ಕಾಲವನ್ನು ಅವಲಂಬಿಸಿದೆ. ಆದರೆ ಹಿಸ್ಟರಿ ಇಲ್ಲದವರ ದರಕ್ಕೂ ಒಳ್ಳೆಯ ಹಿಸ್ಟರಿ ಇರುವವರ ದರಕ್ಕೂ ಇಷ್ಟು ಅಂತರ ಇರುವುದು ಅಪರೂಪವಲ್ಲ. ಆರೇಳು ತಿಂಗಳು ಸಹೋದ್ಯೋಗಿಯ ಜೊತೆ ಓಡಾಡಿಯೋ, ಕೈಯಲ್ಲಿರುವ ಹಣಕ್ಕೆ ಹಳೆಯ ಕಾರು ಕೊಂಡೋ ಕಾಯುವುದಕ್ಕೆ ಸಿಗುವ ಪ್ರತಿಫಲ ನಾಲ್ಕು ಸಾವಿರ ಡಾಲರಿಗೂ ಹೆಚ್ಚು ಎಂದಾಯಿತು. ಕಾಯಲು ಸಾಧ್ಯವೇ ಇಲ್ಲದವರು ಅವಧಿಗೆ ಮೊದಲು ಸಾಲ ತೀರಿಸಿದರೆ ದಂಡವಿಲ್ಲ ಎಂಬುದನ್ನು ಕರಾರಿನಲ್ಲಿ ಖಚಿತಪಡಿಸಿಕೊಂಡು ಸಾಲ ಪಡೆದು, ಸ್ಕೋರ್ ಬಂದ ಮೇಲೆ ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ನಲ್ಲಿ ಕಡಿಮೆ ಬಡ್ಡಿಗೆ ಬದಲಿಸಿಕೊಳ್ಳುವ ಪ್ರಯತ್ನ ಮಾಡಬಹುದು.

ದರ ವಿಚಾರಿಸಲು ಹೆದರಬೇಕಾಗಿಲ್ಲ. ಪ್ರತಿ ಕಾರ್ಡ್ ಅರ್ಜಿಯೂ ಕಡತದಲ್ಲಿ ಒಂದು ವಿಚಾರಣೆಯಾಗಿ ದಾಖಲಾಗಿ ಸ್ಕೋರನ್ನು ಸ್ವಲ್ಪ ಇಳಿಸುತ್ತದೆ ನಿಜ, ಮತ್ತು ಎಳೆಯ ಕಡತಕ್ಕೆ ಅದರ ಪೆಟ್ಟು ಹೆಚ್ಚು. ಕಾರ್ಡ್ ಸಿಗಲಿಲ್ಲವೆಂದು ಒಂದೇ ವಾರದಲ್ಲಿ ನಾಲ್ಕು ಕಡೆ ಅರ್ಜಿ ಹಾಕುವುದು ಅದಕ್ಕೇ ತಪ್ಪು. ಆದರೆ ಕಾರು ಅಥವಾ ಮನೆಯ ಸಾಲಕ್ಕೆ ಎರಡು ವಾರದೊಳಗೆ ಹಲವು ಕಡೆ ವಿಚಾರಿಸಿದರೆ ಸ್ಕೋರಿನ ಲೆಕ್ಕದಲ್ಲಿ ಅವೆಲ್ಲ ಸೇರಿ ಒಂದೇ ವಿಚಾರಣೆ.

ಹೆಸರಿನ ತೊಡಕು

ಕರ್ನಾಟಕದಿಂದ ಹೋದವರ ಕಡತದಲ್ಲಿ ಮೇಲಿಂದ ಮೇಲೆ ಕಾಣುವ ದೋಷ ಹಣದ್ದಲ್ಲ, ಹೆಸರಿನದು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುತ್ತದೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ FNU, ಅಂದರೆ ‘ಮೊದಲ ಹೆಸರು ತಿಳಿದಿಲ್ಲ’, ಎಂದು ಬರೆದು, ಇರುವ ಹೆಸರನ್ನು ಕೊನೆಯ ಹೆಸರಿನ ಜಾಗಕ್ಕೆ ಹಾಕುತ್ತಾರೆ. ಮಂಜುನಾಥ ಎಂಬವರು ಒಂದು ಬ್ಯಾಂಕಿನಲ್ಲಿ FNU ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ ಮಂಜುನಾಥ, ಬಾಡಿಗೆ ಕರಾರಿನಲ್ಲಿ ಮಂಜುನಾಥ ಕೆ. ಎಸ್. ಆಗಿಬಿಟ್ಟರೆ, ಬ್ಯೂರೋದಲ್ಲಿ ಎರಡು ಅರೆಬರೆ ಕಡತಗಳು ಹುಟ್ಟುವ ಸಂಭವವಿದೆ. ಆರು ತಿಂಗಳು ಕಳೆದರೂ ಸ್ಕೋರ್ ಬಾರದಿರುವುದು, ಆನ್‌ಲೈನ್‌ನಲ್ಲಿ ಗುರುತು ದೃಢೀಕರಣವೇ ಆಗದಿರುವುದು, ಮೂರರಲ್ಲಿ ಒಂದು ಬ್ಯೂರೋ ಮಾತ್ರ ಕಡತವಿಲ್ಲ ಎನ್ನುವುದು ಇದರ ಲಕ್ಷಣಗಳು. ಎಸ್‌ಎಸ್‌ಎನ್ ಕಾರ್ಡಿನ ಮೇಲೆ ಹೆಸರು ಹೇಗಿದೆಯೋ ಹಾಗೆಯೇ, ಅದೇ ಕ್ರಮದಲ್ಲಿ, ಎಲ್ಲ ಕಡೆ ಬರೆಯುವುದೊಂದೇ ಇದನ್ನು ತಡೆಯುವ ಬಗೆ. ವಿಳಾಸದಲ್ಲೂ ಅಪಾರ್ಟ್‌ಮೆಂಟ್ ಸಂಖ್ಯೆಯನ್ನು ಬಿಡಬಾರದು. ಐಟಿನ್ ಅಥವಾ ಪಾಸ್‌ಪೋರ್ಟ್ ತೋರಿಸಿ ಮೊದಲು ಕಾರ್ಡ್ ಪಡೆದವರು ಎಸ್‌ಎಸ್‌ಎನ್ ಬಂದ ಕೂಡಲೇ ಅದನ್ನು ಕಾರ್ಡ್ ಕಂಪನಿಗೂ ಮೂರು ಬ್ಯೂರೋಗಳಿಗೂ ತಿಳಿಸಬೇಕು. ಇಲ್ಲದಿದ್ದರೆ ಹಳೆಯ ಇತಿಹಾಸ ಹಳೆಯ ಸಂಖ್ಯೆಯಲ್ಲೇ ಉಳಿದುಹೋಗಬಹುದು.

ಕಾರ್ಡ್ ಬಂದು ಎರಡು ತಿಂಗಳಾದ ಮೇಲೆ annualcreditreport.com ತಾಣದಲ್ಲಿ ಮೂರೂ ವರದಿಗಳನ್ನು ತೆರೆದು, ಖಾತೆ ಮೂರರಲ್ಲೂ ಇದೆಯೇ, ಹೆಸರು ಮತ್ತು ವಿಳಾಸ ಸರಿಯಿದೆಯೇ ಎಂದು ನೋಡಬೇಕು. ಅಲ್ಲಿ ಪ್ರತಿ ವಾರ ಉಚಿತವಾಗಿ ವರದಿ ಸಿಗುತ್ತದೆ, ಸ್ವಂತ ವರದಿ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ತಪ್ಪಿದ್ದರೆ ಆಯಾ ಬ್ಯೂರೋದಲ್ಲೇ ತಕರಾರು ಸಲ್ಲಿಸಬೇಕು. ಅವರು ಸಾಮಾನ್ಯವಾಗಿ 30 ದಿನಗಳಲ್ಲಿ ಪರಿಶೀಲಿಸಿ ಉತ್ತರಿಸಬೇಕೆಂಬ ನಿಯಮವಿದೆ. ಮೂರೂ ಕಡೆ ನೋಡಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣ ಗೃಹಸಾಲ. ಕಾರಿನ ಸಾಲಕ್ಕೆ ಒಂದು ಬ್ಯೂರೋ ವರದಿ ಸಾಕಾಗಬಹುದು, ಮನೆ ಸಾಲ ಕೊಡುವವರು ಮೂರನ್ನೂ ತರಿಸಿ ನಡುವಿನ ಸ್ಕೋರನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ. ಮನೆ ಕೊಳ್ಳುವ ಯೋಚನೆ ಇರುವ ಎಚ್-1ಬಿ ವೀಸಾದವರು ಇನ್ನೊಂದನ್ನೂ ತಿಳಿದಿರಬೇಕು: ಕಡಿಮೆ ಮುಂಗಡಕ್ಕೂ ಕಡಿಮೆ ಸ್ಕೋರಿಗೂ ಸಿಗುತ್ತಿದ್ದ, ಸರ್ಕಾರದ ವಿಮೆಯಿರುವ ಎಫ್‌ಎಚ್‌ಎ ಸಾಲ 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದ ತಾತ್ಕಾಲಿಕ ನಿವಾಸಿಗಳಿಗೆ ಸಿಗುತ್ತಿಲ್ಲ. ಹಳೆಯ ಸ್ನೇಹಿತರು ‘580 ಇದ್ದರೆ ಸಾಕು’ ಎಂದು ಹೇಳುವುದು ಆ ಕಾಲದ ಅನುಭವ. ಈಗ ಉಳಿದಿರುವ ಸಾಮಾನ್ಯ ಸಾಲಗಳಲ್ಲಿ ಸ್ಕೋರಿನ ಏರಿಳಿತ ಬಡ್ಡಿಯ ಮೇಲೆ ನೇರವಾಗಿ ಕಾಣಿಸುತ್ತದೆ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು? ಭಾರತದಲ್ಲಿ ಶುದ್ಧ ಇತಿಹಾಸವಿದ್ದು ಎಸ್‌ಎಸ್‌ಎನ್ ಬರಲು ತಡವಿರುವವರು ಮೊದಲು ಭಾರತದ ದಾಖಲೆ ನೋಡುವ ಕಾರ್ಡಿಗೆ ಅರ್ಜಿ ಹಾಕಬೇಕು. ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಎಸ್‌ಎಸ್‌ಎನ್ ಬಂದ ಕೂಡಲೇ ಸೆಕ್ಯೂರ್ಡ್ ಕಾರ್ಡಿಗೆ ಹೋಗಬೇಕು. ವಿದ್ಯಾರ್ಥಿಗಳು ತಮ್ಮ ಖಾತೆಯಿರುವ ಬ್ಯಾಂಕಿನ ವಿದ್ಯಾರ್ಥಿ ಕಾರ್ಡನ್ನು ಮೊದಲು ವಿಚಾರಿಸಲಿ, 21 ತುಂಬದವರು ಸ್ವಂತ ಆದಾಯ ತೋರಿಸಬೇಕೆಂಬುದನ್ನು ನೆನಪಿಡಲಿ. ಉದ್ಯೋಗಕ್ಕೆ ಬಂದವರಲ್ಲಿ ಉಳಿದೆಲ್ಲರಿಗೂ ವಾರ್ಷಿಕ ಶುಲ್ಕವಿಲ್ಲದ ಒಂದು ಸೆಕ್ಯೂರ್ಡ್ ಕಾರ್ಡ್, ಸಾಧ್ಯವಿದ್ದರೆ ಹತ್ತಿರದ ಬಂಧುವಿನ ಹಳೆಯ ಕಾರ್ಡಿನಲ್ಲಿ ಹೆಸರು, ಇಷ್ಟೇ ಸಾಕು. ಎರಡನೆಯ ಸ್ವಂತ ಕಾರ್ಡಿನ ಯೋಚನೆಯನ್ನು ಸ್ಕೋರ್ ಹುಟ್ಟಿದ ಮೇಲೆ ಮಾಡಬಹುದು.

ಸಾಮಾನ್ಯ ಕಾರ್ಡ್ ಸಿಕ್ಕ ಮೇಲೆ ಮೊದಲ ಕಾರ್ಡನ್ನು ಮುಚ್ಚುವ ಆತುರ ಬೇಡ. ಮುಚ್ಚಿದರೆ ಒಟ್ಟು ಮಿತಿ ಇಳಿದು ಬಳಕೆಯ ಪ್ರಮಾಣ ಏರುತ್ತದೆ. ಕೆಲವು ವರ್ಷಗಳಿಗೆಂದು ಕರ್ನಾಟಕಕ್ಕೆ ಮರಳುವವರೂ ಶುಲ್ಕವಿಲ್ಲದ ಒಂದು ಕಾರ್ಡನ್ನು ಉಳಿಸಿಕೊಳ್ಳಲು ನೋಡಬೇಕು. ಅದಕ್ಕೆ ಯಾವುದಾದರೂ ಸಣ್ಣ ಮಾಸಿಕ ಚಂದಾ ಕಟ್ಟುವಂತೆ ಮಾಡಿ, ಅಮೆರಿಕದ ಬ್ಯಾಂಕ್ ಖಾತೆಯಿಂದ ಆಟೋಪೇ ಇಟ್ಟು, ಆ ಖಾತೆಯಲ್ಲಿ ಒಂದೆರಡು ವರ್ಷಕ್ಕೆ ಸಾಕಾಗುವಷ್ಟು ಹಣ ಬಿಟ್ಟು ಬರಬೇಕು. ಬಳಕೆಯೇ ಇಲ್ಲದ ಕಾರ್ಡನ್ನು ಕಂಪನಿಗಳು ತಾವಾಗಿ ಮುಚ್ಚುತ್ತವೆ. ವಿಳಾಸ ಬದಲಾಗಿದ್ದನ್ನು ಕಾರ್ಡ್ ಕಂಪನಿಗೆ ತಿಳಿಸಬೇಕು, ಮತ್ತು ಹೊರಡುವ ಮೊದಲು ಮೂರೂ ಬ್ಯೂರೋಗಳಲ್ಲಿ ಕಡತಕ್ಕೆ ಉಚಿತವಾಗಿ ಫ್ರೀಜ್ ಹಾಕಿಸಿದರೆ ನೀವಿಲ್ಲದಾಗ ನಿಮ್ಮ ಹೆಸರಿನಲ್ಲಿ ಬೇರೆಯವರು ಹೊಸ ಖಾತೆ ತೆರೆಯುವುದು ಕಷ್ಟವಾಗುತ್ತದೆ.